ಸಿಗ್ನಲ್ ತುಂಬಾ ಇದೆ, ನೆಟ್ ಮಾತ್ರ ಬರುತ್ತಿಲ್ಲ: ಬಿಡದೆ ಓಡುವ ವಿಪಿಎನ್ ನಿಲ್ಲಿಸುವುದು ಹೇಗೆ?

ಶಾಂತಳ್ಳಿ ಕಡೆ ತೋಟವಿರುವ ನಮ್ಮ ಚಿಕ್ಕಪ್ಪ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ, ಎಷ್ಟು ಇಂಚು ಬಿತ್ತು ಎಂದು ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರು. ಕಳೆದ ಜುಲೈಯಲ್ಲಿ ಹತ್ತು ದಿನವಾದರೂ ಅವರ ಲೆಕ್ಕ ಬರಲಿಲ್ಲ. ಫೋನ್ ಮಾಡಿ ಕೇಳಿದೆ. ‘ಮಳೆ ಅಲ್ವಾ ಮಗ, ಟವರ್‌ಗೆ ಕರೆಂಟ್ ಇಲ್ಲ. ನೆಟ್ ಎಲ್ಲಿಂದ ಬರುತ್ತೆ?’ ಎಂದರು.

ಆದರೆ ಅವರ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಟವರ್ ಸತ್ತಿದ್ದರೆ ಆ ಕರೆಯೇ ಬರುತ್ತಿರಲಿಲ್ಲ. ಭಾನುವಾರ ಅಲ್ಲಿಗೆ ಹೋಗಿ ಫೋನ್ ಕೈಗೆ ತೆಗೆದುಕೊಂಡೆ. 4ಜಿ ಗುರುತು ಇದೆ, ಸಿಗ್ನಲ್ ಕಡ್ಡಿಗಳು ತುಂಬಿವೆ, ಎಸ್‌ಎಂಎಸ್ ಬರುತ್ತಿದೆ. ಬ್ರೌಸರ್ ತೆರೆದರೆ ಮಾತ್ರ ಖಾಲಿ ಪುಟ. ವಾಟ್ಸ್ಆ್ಯಪ್‌ನಲ್ಲಿ ಗಡಿಯಾರದ ಗುರುತು ಹಾಗೇ ನಿಂತಿದೆ. ಸೋಮವಾರಪೇಟೆಯಲ್ಲಿ ಮಗಳ ಮನೆಯ ವೈಫೈಗೆ ಸೇರಿಸಿದಾಗಲೂ ಹೀಗೇ ಇತ್ತಂತೆ. ಟವರ್‌ನ ತೊಂದರೆ ವೈಫೈವರೆಗೆ ಬೆನ್ನಟ್ಟಿ ಬರುವುದಿಲ್ಲ. ಹಾಗಾದರೆ ದೋಷ ಫೋನಿನೊಳಗೇ ಇರಬೇಕು.

ಇದನ್ನು ಖಚಿತಪಡಿಸಿಕೊಳ್ಳಲು ಸುಲಭದ ದಾರಿಯೊಂದಿದೆ. ತೊಂದರೆಯಿರುವ ಫೋನಿನ ಮೊಬೈಲ್ ಡೇಟಾ ಆನ್ ಮಾಡಿ ಹಾಟ್‌ಸ್ಪಾಟ್ ಕೊಡಿ, ಇನ್ನೊಂದು ಫೋನನ್ನು ಅದಕ್ಕೆ ಸೇರಿಸಿ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್‌ನಿಂದ ಹೋಗುವ ಡೇಟಾ ಸಾಮಾನ್ಯವಾಗಿ ಫೋನಿನ ವಿಪಿಎನ್ ಮೂಲಕ ಹಾಯುವುದಿಲ್ಲ. ಹಾಗಾಗಿ ಎರಡನೇ ಫೋನಿನಲ್ಲಿ ನೆಟ್ ಓಡಿ, ಕೊಟ್ಟ ಫೋನಿನಲ್ಲೇ ಓಡದಿದ್ದರೆ ಸಿಮ್, ರೀಚಾರ್ಜ್, ಟವರ್ ಮೂರೂ ಸರಿಯಿವೆ ಎಂದಾಯಿತು. ಚಿಕ್ಕಪ್ಪನ ಡೇಟಾದಲ್ಲಿ ನನ್ನ ಫೋನ್ ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಅವರು ಸಿಮ್ ಬದಲಾಯಿಸಲು ಅರ್ಜಿಯನ್ನೂ ಕೊಟ್ಟಾಗಿತ್ತು.

ಆಗಿದ್ದು ಇಷ್ಟು. ಮೇ ರಜೆಗೆ ಬಂದಿದ್ದ ಮೊಮ್ಮಗ ಯಾವುದೋ ಆಟಕ್ಕೆಂದು ಉಚಿತ ವಿಪಿಎನ್ ಆ್ಯಪ್ ಹಾಕಿದ್ದ. ಆ್ಯಪ್ ಹೇಳಿದಂತೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಸ್ವಿಚ್ ಆನ್ ಮಾಡಿದ್ದ. ವಿಪಿಎನ್ ಎಂದರೆ ನಿಮ್ಮ ಡೇಟಾವನ್ನೆಲ್ಲ ಬೀಗ ಹಾಕಿ ಮೊದಲು ಬೇರೆಲ್ಲೋ ಇರುವ ಒಂದು ಸರ್ವರ್‌ಗೆ ಕಳಿಸಿ, ಅಲ್ಲಿಂದ ಮುಂದಕ್ಕೆ ದಾಟಿಸುವ ವ್ಯವಸ್ಥೆ. ಆ ಸರ್ವರ್ ಯುರೋಪಿನಲ್ಲಿದ್ದರೆ, ಶಾಂತಳ್ಳಿಯಿಂದ ಮಡಿಕೇರಿಯ ಸುದ್ದಿ ಓದುವುದಕ್ಕೂ ಡೇಟಾ ಯುರೋಪಿಗೆ ಹೋಗಿ ಬರಬೇಕು. ಉಚಿತ ಸರ್ವರ್‌ನಲ್ಲಿ ಜನಸಂದಣಿ ಬೇರೆ. ಗುಡ್ಡದ ತಿರುವಿನಲ್ಲಿ ಸಿಗ್ನಲ್ ಕ್ಷಣ ಹೊತ್ತು ಕಡಿದರೂ ಫೋನ್ ಆ ಸರ್ವರ್ ಜೊತೆ ಸಂಪರ್ಕವನ್ನು ಹೊಸದಾಗಿ ಕಟ್ಟಬೇಕಾಗಬಹುದು. ಜೂನ್ ಪೂರ್ತಿ ‘ನೆಟ್ ನಿಧಾನ’ ಎಂದು ಅವರು ಗೊಣಗಿದ್ದಕ್ಕೆ ಇದೇ ಕಾರಣ. ಜುಲೈಯಲ್ಲಿ ಆ ಆ್ಯಪ್‌ನ ಉಚಿತ ಮಿತಿ ಮುಗಿದು ಸರ್ವರ್ ಸಂಪರ್ಕವೇ ನಿಂತಿತು. ಮೊಮ್ಮಗ ಹಾಕಿದ್ದ ಎರಡನೇ ಸ್ವಿಚ್, ವಿಪಿಎನ್ ಇಲ್ಲದೆ ಒಂದು ಹನಿ ಡೇಟಾವನ್ನೂ ಹೊರಗೆ ಬಿಡಬೇಡ ಎಂದು ಫೋನಿಗೆ ಹೇಳಿಟ್ಟಿತ್ತು. ಫೋನ್ ಹೇಳಿದಂತೆ ನಡೆದುಕೊಂಡಿತು.

ಮೊಮ್ಮಗ ಫೋನಿನಲ್ಲೇ ಹೇಳಿಕೊಟ್ಟಂತೆ ಆ್ಯಪ್ ಅನ್ನು ತೆರೆಯಿಂದ ಸರಿಸಿದ್ದರು, ‘Force stop’ ಕೂಡ ಒತ್ತಿದ್ದರು. ಏನೂ ಆಗಲಿಲ್ಲ. ಬಹಳಷ್ಟು ಜನ ಎಡವುವುದು ಇಲ್ಲೇ. ಆ ಎರಡು ಸ್ವಿಚ್ ಇರುವುದು ಆ್ಯಪ್‌ನಲ್ಲಲ್ಲ, ಫೋನಿನ ಸೆಟ್ಟಿಂಗ್ಸ್‌ನಲ್ಲಿ. ಆ್ಯಪ್ ನಿಂತರೂ ತಡೆ ನಿಲ್ಲುವುದಿಲ್ಲ. ಇನ್ನೊಂದು ಮೋಸವೂ ಇದೆ: ನೆಟ್ ಇದೆಯೇ ಎಂದು ಫೋನ್ ತಾನೇ ಆಗಾಗ ಪರೀಕ್ಷಿಸಿಕೊಳ್ಳುತ್ತದೆ, ಆ ಪರೀಕ್ಷೆ ಈ ತಡೆಯ ಹೊರಗೆ ನಡೆಯುತ್ತದೆ. ಆದ್ದರಿಂದ ಸಿಗ್ನಲ್ ಪಕ್ಕದಲ್ಲಿ ‘ನೆಟ್ ಇಲ್ಲ’ ಎನ್ನುವ ಆಶ್ಚರ್ಯಸೂಚಕ ಚಿಹ್ನೆ ಕಾಣದೆಯೂ ಇರಬಹುದು.

ಈಗ ಸರಿಪಡಿಸುವ ಕ್ರಮ. ಮೊದಲು ತೆರೆಯ ಮೇಲ್ಭಾಗದಲ್ಲಿ ಚಿಕ್ಕ ಬೀಗದ ಕೈಯ ಚಿತ್ರ ಇದೆಯೇ ನೋಡಿ. ಇದ್ದರೆ ವಿಪಿಎನ್ ಓಡುತ್ತಿದೆ ಎಂದರ್ಥ. ಇಲ್ಲದಿದ್ದರೂ ಸುಮ್ಮನಾಗಬೇಡಿ, ಸಂಪರ್ಕ ಕಡಿದು ತಡೆ ಮಾತ್ರ ಉಳಿದಿದ್ದಾಗ ಆ ಚಿತ್ರ ಕಾಣದಿರಬಹುದು.

ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ VPN ಎಂದು ಬರೆಯಿರಿ. ಫೋನಿನ ಕಂಪನಿ ಯಾವುದಿದ್ದರೂ ಇದೇ ಹತ್ತಿರದ ದಾರಿ. ಮೆನು ಹಿಡಿದು ಹೋಗುವುದಾದರೆ ಪಿಕ್ಸೆಲ್‌ನಂಥ ಫೋನ್‌ಗಳಲ್ಲಿ ‘Network & internet’ ಒಳಗೆ, ಸ್ಯಾಮ್‌ಸಂಗ್‌ನಲ್ಲಿ ‘Connections’ ಒಳಗಿನ ‘More connection settings’ನಲ್ಲಿ ಸಿಗುತ್ತದೆ.

ಅಲ್ಲಿ ವಿಪಿಎನ್ ಆ್ಯಪ್‌ಗಳ ಹೆಸರು ಕಾಣುತ್ತವೆ. ಹೆಸರನ್ನು ಒತ್ತಬೇಡಿ, ಒತ್ತಿದರೆ ಆ್ಯಪ್ ತೆರೆದುಕೊಂಡು ದಾರಿ ತಪ್ಪಿಸಬಹುದು. ಹೆಸರಿನ ಪಕ್ಕದ ಹಲ್ಲುಚಕ್ರದ ಚಿತ್ರವನ್ನು ಒತ್ತಿ. ಒಳಗೆ ‘Always-on VPN’, ಅದರ ಕೆಳಗೆ ‘Block connections without VPN’ ಎಂದು ಎರಡು ಸ್ವಿಚ್ ಇರುತ್ತವೆ. ಎರಡನೆಯದನ್ನು ಮೊದಲು ಆಫ್ ಮಾಡಿ, ಆಮೇಲೆ ಮೊದಲನೆಯದನ್ನು. ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ಪ್ರತಿಯೊಂದರ ಹಲ್ಲುಚಕ್ರವನ್ನೂ ತೆರೆದು ನೋಡಿ.

ಈಗ ಆ್ಯಪ್ ತೆರೆದು ‘Disconnect’ ಕೊಡಿ. ಆ್ಯಪ್‌ನೊಳಗೆ ತಾನಾಗಿಯೇ ಸಂಪರ್ಕ ಹಿಡಿಯುವ ಆಯ್ಕೆ, ಅಂದರೆ ‘Auto-connect’ ಎಂಬಂಥದ್ದು ಇದ್ದರೆ ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಫೋನ್ ಆಫ್ ಮಾಡಿ ಆನ್ ಮಾಡಿದಾಗ ಬೀಗದ ಕೈ ಮತ್ತೆ ಬಂದು ಕೂರುತ್ತದೆ. ಆ ಆ್ಯಪ್ ಬೇಡವೇ ಬೇಡ ಎಂದಾದರೆ ಅನ್‌ಇನ್‌ಸ್ಟಾಲ್ ಮಾಡಿ. ಕೊನೆಗೆ ಏರೋಪ್ಲೇನ್ ಮೋಡ್ ಹತ್ತು ಸೆಕೆಂಡ್ ಆನ್ ಮಾಡಿ ಆಫ್ ಮಾಡಿ, ಬ್ರೌಸರ್‌ನಲ್ಲಿ ಯಾವುದಾದರೂ ಹೊಸ ಪುಟ ತೆರೆದು ನೋಡಿ. ಹಳೆಯ ಪುಟವಾದರೆ ಫೋನಿನಲ್ಲಿ ಉಳಿದದ್ದೇ ಕಂಡು ಸರಿಯಾಯಿತು ಅನ್ನಿಸಬಹುದು.

ವಿಪಿಎನ್ ಹಾಕಿಯೇ ಇಲ್ಲ ಎನ್ನುವವರ ಪಟ್ಟಿಯಲ್ಲೂ ಒಂದು ಹೆಸರು ಸಿಗುವುದುಂಟು. ಜಾಹೀರಾತು ತಡೆಯುವ ಮತ್ತು ಫೈರ್‌ವಾಲ್ ಆ್ಯಪ್‌ಗಳಲ್ಲಿ ಹಲವು ಫೋನಿನ ವಿಪಿಎನ್ ವ್ಯವಸ್ಥೆಯನ್ನೇ ಬಳಸುತ್ತವೆ. ಅವಕ್ಕೂ ಇದೇ ಕ್ರಮ. ಪಟ್ಟಿ ಖಾಲಿಯಿದ್ದೂ ಪುಟ ತೆರೆಯದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘Private DNS’ ಹುಡುಕಿ. ಅಲ್ಲಿ ಯಾವುದಾದರೂ ವಿಳಾಸ ಬರೆದಿದ್ದರೆ ‘Automatic’ಗೆ ಬದಲಾಯಿಸಿ.

ಐಫೋನ್‌ನಲ್ಲಿ ‘Settings’, ‘General’, ‘VPN & Device Management’, ‘VPN’ ಎಂದು ಹೋಗಿ. ಹೆಸರಿನ ಪಕ್ಕದ i ಗುರುತು ಒತ್ತಿ ‘Connect On Demand’ ಆಫ್ ಮಾಡಿ. ಅದನ್ನು ಆಫ್ ಮಾಡದೆ ಬರೀ ವಿಪಿಎನ್ ಆಫ್ ಮಾಡಿದರೆ ಮತ್ತೆ ತಾನೇ ಹೊತ್ತಿಕೊಳ್ಳುತ್ತದೆ.

ಮನೆಯಿಂದ ಬೆಂಗಳೂರಿನ ಕಚೇರಿ ಕೆಲಸ ಮಾಡುವವರ ಫೋನಿನಲ್ಲಿ ಈ ಸ್ವಿಚ್‌ಗಳು ಮಸುಕಾಗಿ, ಒತ್ತಲು ಬಾರದಂತೆ ಇರಬಹುದು. ಅದು ಕಚೇರಿಯೇ ಹಾಕಿದ ಬಿಗಿ, ಅಲ್ಲಿನ ಕಂಪ್ಯೂಟರ್ ವಿಭಾಗದವರೇ ತೆಗೆಯಬೇಕು. ಅದನ್ನು ಮೀರಲು ಇನ್ನೊಂದು ವಿಪಿಎನ್ ಆ್ಯಪ್ ಹಾಕಬೇಡಿ. ಫೋನಿನ ಒಂದು ಪ್ರೊಫೈಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ಓಡುವುದು.

ಚಿಕ್ಕಪ್ಪನ ಫೋನಿನಲ್ಲಿ ಎರಡನೇ ಸ್ವಿಚ್ ಆಫ್ ಮಾಡಿದ ಕೂಡಲೇ ಹತ್ತು ದಿನದ ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದವು. ಅವರು ಮೊದಲು ಬರೆದಿಟ್ಟುಕೊಂಡಿದ್ದ ಇಂಚಿನ ಲೆಕ್ಕಗಳನ್ನೆಲ್ಲ ತಾರೀಖು ಸಮೇತ ಗುಂಪಿಗೆ ಹಾಕಿದರು. ಸಿಮ್ ಬದಲಾಯಿಸುವ ಅರ್ಜಿಯನ್ನು ಸೋಮವಾರ ಹಿಂದೆ ಪಡೆದರು.