ದರ ಏರಿಕೆಯ ಮೆಸೇಜ್: ಹಳೇ ಗಿರಾಕಿಗೆ ಹೇಳುವುದು ಹೇಗೆ?

ಬಟ್ಟೆ ಹೊಲಿಯುವವರೊಬ್ಬರು 400 ಇದ್ದ ಹೊಲಿಗೆ ದರವನ್ನು 460 ಮಾಡಬೇಕು ಅಂದುಕೊಳ್ಳಿ. ವಾಟ್ಸಾಪ್‌ನಲ್ಲಿ ಟೈಪ್ ಮಾಡುವ ಮೊದಲು ದಿನಾಂಕ ಗೊತ್ತುಮಾಡಿಕೊಳ್ಳಬೇಕು. ಗಿರಾಕಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬರುವವರಾದರೆ ಒಂದು ತಿಂಗಳು ಮೊದಲೇ ತಿಳಿಸಿ. ಹಳೇ ದರದಲ್ಲಿ ಇನ್ನೊಂದು ಸಲ ಬಂದುಹೋಗಲು ಅವಕಾಶ ಸಿಕ್ಕಿದರೆ ಮುನಿಸು ಅರ್ಧ ಇಳಿಯುತ್ತದೆ.

ಮೆಸೇಜ್ ಹೀಗಿರಲಿ:

"ನಮಸ್ಕಾರ ಮೇಡಂ. *ಜೂನ್ 1ರಿಂದ* ಹೊಲಿಗೆ ದರ 400ರ ಬದಲು *460* ಆಗುತ್ತದೆ. ಎರಡು ವರ್ಷದಿಂದ ಹಳೇ ದರದಲ್ಲೇ ಹೊಲಿಯುತ್ತಿದ್ದೆ, ಈಗ ದಾರ, ಲೈನಿಂಗ್ ಎರಡೂ ತುಟ್ಟಿಯಾಗಿವೆ. ಮೇ 31ರೊಳಗೆ ನನ್ನ ಕೈಗೆ ಬಂದ ಬಟ್ಟೆಗೆಲ್ಲ ಹಳೇ ದರವೇ, ಹೊಲಿದು ಕೊಡುವುದು ಜೂನ್‌ನಲ್ಲಾದರೂ ಸರಿ. ಏನಾದರೂ ಕೇಳುವುದಿದ್ದರೆ ಇಲ್ಲೇ ಮೆಸೇಜ್ ಮಾಡಿ."

ದರ ಮೊದಲ ಸಾಲಿನಲ್ಲೇ ಇದೆ, ನೋಡಿ. ನೋಟಿಫಿಕೇಶನ್‌ನಲ್ಲಿ ಕಾಣುವುದು ಶುರುವಿನ ಒಂದೆರಡು ಸಾಲು ಮಾತ್ರ. ಅಲ್ಲಿ ಬರೀ ಉಪಚಾರದ ಮಾತಿದ್ದರೆ ಎಷ್ಟೋ ಜನ ತೆರೆದೇ ನೋಡುವುದಿಲ್ಲ. ಆಮೇಲೆ ಲೆಕ್ಕ ಕೇಳಿದಾಗ ಜಗಳ. ಎರಡೂ ಕಡೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಪದ ದಪ್ಪಗೆ ಕಾಣುತ್ತದೆ. "ಸ್ವಲ್ಪ ಜಾಸ್ತಿ ಆಗಬಹುದು" ಅಂತ ಬರೆದರೆ ಓದಿದವರು ಇನ್ನೂ ದೊಡ್ಡ ಮೊತ್ತ ಊಹಿಸಿಕೊಳ್ಳುತ್ತಾರೆ. "ಅನಿವಾರ್ಯ ಕಾರಣಗಳಿಂದ" ಅನ್ನುವುದಂತೂ ಯಾರಿಗೂ ಏನೂ ಹೇಳುವುದಿಲ್ಲ. ನಿಜವಾದ ಕಾರಣ ಒಂದು ಸಾಲು ಸಾಕು. ಐದು ಸಾಲು ಗೋಳು ತೋಡಿಕೊಂಡರೆ ಚೌಕಾಸಿಗೆ ನೀವೇ ಕರೆದಂತೆ.

ಹಳೇ ದರ ಯಾವ ದಿನಕ್ಕೆ ಲೆಕ್ಕ, ಬಟ್ಟೆ ಕೊಟ್ಟ ದಿನಕ್ಕೋ ಹೊಲಿದು ಪಡೆದ ದಿನಕ್ಕೋ? ಹೆಚ್ಚಿನ ಮನಸ್ತಾಪ ಹುಟ್ಟುವುದು ಇಲ್ಲೇ. ಅದಕ್ಕೇ ಮೆಸೇಜ್‌ನಲ್ಲಿ ಅದನ್ನು ಬಿಡಿಸಿ ಬರೆದಿದ್ದೇವೆ.

ಕಳಿಸುವಾಗ ಗ್ರೂಪ್ ಬೇಡ. ಒಬ್ಬರು "ಇಷ್ಟೊಂದಾ?" ಅಂದರೆ ಸುಮ್ಮನಿದ್ದವರೂ ದನಿಗೂಡಿಸುತ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿದರೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಎರಡು ದಿನವಾದರೂ ಯಾರದೋ ಚಾಟ್‌ನಲ್ಲಿ ಒಂದೇ ಟಿಕ್ ಇದ್ದರೆ, ತಲುಪಿಲ್ಲ ಅಂತ ತಿಳಿದು ಅವರಿಗೆ ನೇರವಾಗಿ ಕಳಿಸಿ. ತೀರಾ ಹಳೇ ಗಿರಾಕಿಗಳಿಗೆ ಮೊದಲೇ ಒಬ್ಬೊಬ್ಬರಿಗೂ ಹೆಸರು ಹಾಕಿ ಬರೆಯುವುದು ಚೆಂದ.

"ನನಗೆ ಮಾತ್ರ ಹಳೇ ದರ ಇಡಿ" ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಒಬ್ಬರಿಗೆ ಇಳಿಸಿದರೆ ಸುದ್ದಿ ಉಳಿದವರಿಗೂ ಮುಟ್ಟುತ್ತದೆ, ಅಲ್ವಾ? ದರ ಇಳಿಸುವ ಬದಲು ಕೆಲಸ ಇಳಿಸಿ: "ಲೈನಿಂಗ್ ಇಲ್ಲದೆ ಹೊಲಿದರೆ 410 ಆಗುತ್ತದೆ, ಹಾಗೆ ಮಾಡಲೇ?" ಅಂತ ಕೇಳಿ ನೋಡಿ.