ಅಜ್ಜನ ಮಾತಿಗೆ ಕತ್ತರಿ ಹಾಕುವಾಗ

ಕೋಲಾರ ತಾಲೂಕಿನ ನಮ್ಮೂರ ಕೆರೆಯ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿದ್ದೆವು. ಹಿರಿಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದುಕೊಂಡು, ಪುಟಕ್ಕೆ ಹೊಂದಿಸುವ ಕೆಲಸ ನನ್ನದು. ಒಬ್ಬ ಅಜ್ಜ ಹೇಳಿದ್ದು ಹೀಗಿತ್ತು:

"ನಮ್ಮಪ್ಪನ ಕಾಲಕ್ಕೆ ಕೆರೆ ಕೋಡಿ ಹರೀತಿತ್ತು. ಭತ್ತ ಬೆಳೀತಿದ್ವಿ. ಆಮೇಲೆ... ಏನ್ ಹೇಳ್ಲಿ, ಇಪ್ಪತ್ತು ವರ್ಷ ಕೆರೆ ಒಣಗಿತ್ತು. ದನಕ್ಕೂ ಹುಲ್ಲಿರಲಿಲ್ಲ. ಈಗ ಅವರು ನೀರು ಬಿಟ್ಟವ್ರೆ. ನಮ್ ಬೋರ್‌ನಾಗೆ ನೀರು ಮೇಲಕ್ ಬಂದೈತೆ. ಟೊಮ್ಯಾಟೊಗೆ ಆ ನೀರು ಸಾಕು, ಕುಡಿಯೋಕೆ ಮಾತ್ರ ಬೇಡ. ಕುಡಿದ್ರೂ ಏನೂ ಆಗಲ್ವಂತೆ, ನಾನಂತೂ ಕುಡಿಯಲ್ಲ."

ಆ ಪುಟದಲ್ಲಿ ಫೋಟೊ ಕೂರಬೇಕಿತ್ತು. "ನಾಲ್ಕು ಸಾಲು ಜಾಸ್ತಿ ಐತೆ ಅಣ್ಣ" ಎಂದ ಡಿಟಿಪಿ ಹುಡುಗ ತಾನೇ ಕತ್ತರಿಸಿ ತೋರಿಸಿದ: "ಈಗ ಅವರು ನೀರು ಬಿಟ್ಟವ್ರೆ... ಆ ನೀರು ಸಾಕು... ಕುಡಿದ್ರೂ ಏನೂ ಆಗಲ್ವಂತೆ..."

ಪ್ರತಿ ಪದವೂ ಅಜ್ಜನದೇ. ಬಿಟ್ಟಲ್ಲೆಲ್ಲ ಚುಕ್ಕಿಗಳೂ ಇವೆ. ಆದರೆ ಮಾತು ತಲೆಕೆಳಗಾಗಿದೆ. ಓದಿದವರಿಗೆ ಅಜ್ಜ ಆ ನೀರನ್ನು ಖುಷಿಯಾಗಿ ಕುಡಿಯುತ್ತಿದ್ದಾರೆ ಅನ್ನಿಸುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಹೆಚ್ಚಿಸಲು ಬಿಡುವ ನೀರದು. ಅದನ್ನು ಕುಡಿಯಬಹುದು ಎಂಬ ಮಾತನ್ನು ಅಜ್ಜನ ಬಾಯಿಗೆ ತುರುಕುವುದು ಸಣ್ಣ ವಿಷಯವೇನಲ್ಲ.

ನಮ್ಮ ಭಾಷೆಯಲ್ಲಿ ಈ ಅಪಾಯ ಜಾಸ್ತಿ, ಏಕೆಂದರೆ ವಾಕ್ಯದ ನಿರ್ಧಾರ ಕೊನೆಯಲ್ಲಿರುತ್ತದೆ. 'ಇಲ್ಲ', 'ಬೇಡ', 'ಅಂತೆ', 'ಅಂತಾರೆ' ಎಲ್ಲ ಬಾಲದಲ್ಲೇ ಬರುತ್ತವೆ. ಜಾಗ ಸಾಲದಾಗ ನಾವು ಸುಮ್ನೆ ಕತ್ತರಿಸುವುದೂ ಬಾಲವನ್ನೇ. 'ಆಗಲ್ವಂತೆ' ಅಂದರೆ ಬೇರೆಯವರು ಹೇಳಿದ್ದು. ಅದನ್ನು 'ಆಗಲ್ಲ' ಎಂದು ತಿದ್ದಿದರೆ ಊರವರ ಮಾತು ಅಜ್ಜನ ಮಾತಾಗಿಬಿಡುತ್ತದೆ. ಹಾಗಾಗಿ ನಾನು ಕತ್ತರಿಸಿದ ಮೇಲೆ ಉಳಿದದ್ದನ್ನು ಓದುವುದಕ್ಕಿಂತ ಮೊದಲು ತೆಗೆದದ್ದನ್ನು ಓದುತ್ತೇನೆ. ಅದರಲ್ಲಿ ಇಂಥ ಬಾಲವೋ, 'ಆದರೆ', 'ಮಾತ್ರ' ತರಹದ ಪದವೋ, 'ಮಳೆ ಬಂದರೆ' ಎನ್ನುವಂಥ ಷರತ್ತೋ ಇದ್ದರೆ ಅದು ವಾಪಸ್ ಬರಬೇಕು. ದನದ ಹುಲ್ಲಿನಂಥ ವಿವರ ಹೋದರೆ ಬೇಜಾರಾಗುತ್ತದೆ, ಅಷ್ಟೇ. ಅರ್ಥ ಕೆಡುವುದಿಲ್ಲ.

ಅಜ್ಜನ ಮಾತಿನಲ್ಲೇ ಒಂದು ಕಡೆ ಮೂರು ಚುಕ್ಕಿ ಇದೆ, ನೋಡಿ. ಅದು ಅವರು ಉಸಿರು ಬಿಟ್ಟು ಸುಮ್ಮನಾದ ಜಾಗ. ನಾನು ಬಿಟ್ಟ ಪದಗಳಿಗೂ ಅದೇ ಚುಕ್ಕಿ ಹಾಕಿದರೆ ಯಾವುದು ಮೌನ, ಯಾವುದು ಕತ್ತರಿ ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಪುಸ್ತಕದುದ್ದಕ್ಕೂ ಮೌನಕ್ಕೆ ಬರೀ ಚುಕ್ಕಿ, ನಾವು ಬಿಟ್ಟದ್ದಕ್ಕೆ ಚೌಕ ಕಂಸದೊಳಗೆ ಚುಕ್ಕಿ ಎಂದು ಇಟ್ಟುಕೊಂಡೆವು.

ಇನ್ನು 'ಅವರು' ಯಾರು? ಮಾತಾಡುವಾಗ ಎದುರಿಗಿದ್ದ ನನಗೆ ಗೊತ್ತಿತ್ತು, ಓದುವವರಿಗೆ ಗೊತ್ತಿಲ್ಲ. ಆದರೂ ಅಂದಾಜಿನ ಮೇಲೆ ತುಂಬಲಿಲ್ಲ, ಫೋನ್ ಮಾಡಿದೆ. "ಇನ್ಯಾರಪ್ಪ, ಸಣ್ಣ ನೀರಾವರಿಯೋರು" ಎಂದರು. ಆಮೇಲೆ 'ಅವರು' ತೆಗೆದು, ಆ ಜಾಗಕ್ಕೆ ಚೌಕ ಕಂಸದಲ್ಲಿ ಇಲಾಖೆಯ ಹೆಸರು ಹಾಕಿದೆ. ದುಂಡು ಕಂಸ ಹಾಕಿದ್ದರೆ ಅದನ್ನೂ ಅಜ್ಜನೇ ಹೇಳಿದ್ದು ಎಂದುಕೊಳ್ಳಬಹುದಿತ್ತು.

ಕೊನೆಗೆ ಅಚ್ಚಾದದ್ದು ಇದು:

"ನಮ್ಮಪ್ಪನ ಕಾಲಕ್ಕೆ ಕೆರೆ ಕೋಡಿ ಹರೀತಿತ್ತು. [...] ಆಮೇಲೆ... [...] ಇಪ್ಪತ್ತು ವರ್ಷ ಕೆರೆ ಒಣಗಿತ್ತು. [...] ಈಗ [ಸಣ್ಣ ನೀರಾವರಿ ಇಲಾಖೆಯವರು] ನೀರು ಬಿಟ್ಟವ್ರೆ. ನಮ್ ಬೋರ್‌ನಾಗೆ ನೀರು ಮೇಲಕ್ ಬಂದೈತೆ. ಟೊಮ್ಯಾಟೊಗೆ ಆ ನೀರು ಸಾಕು, ಕುಡಿಯೋಕೆ ಮಾತ್ರ ಬೇಡ. ಕುಡಿದ್ರೂ ಏನೂ ಆಗಲ್ವಂತೆ, ನಾನಂತೂ ಕುಡಿಯಲ್ಲ."

'ಆಮೇಲೆ' ಉಳಿಸಿದ್ದು ಬೇಕೆಂದೇ. ಅದು ಹೋದರೆ ಕೋಡಿ ಹರಿದದ್ದೂ ಕೆರೆ ಒಣಗಿದ್ದೂ ಒಂದೇ ಕಾಲದ ಮಾತಿನಂತೆ ಕಾಣುತ್ತದೆ. ಬೋರ್‌ವೆಲ್ ಸಾಲನ್ನು ಬೇರೆ ಇಬ್ಬರೂ ಹೇಳಿದ್ದರು, ಆದರೂ ಉಳಿಸಿದೆ. ಅದು ಹೋದರೆ 'ಆ ನೀರು' ಯಾವ ನೀರು ಎಂದು ಗೊತ್ತಾಗುವುದಿಲ್ಲ. ಹುಡುಗ 'ಬಿಟ್ಟವ್ರೆ'ಯನ್ನು '[ಬಿಟ್ಟಿದ್ದಾರೆ]' ಮಾಡೋಣವೇ ಎಂದು ಕೇಳಿದ. ಬೇಡ ಎಂದೆ. ನಮ್ಮ ಕಡೆ ಮಾತು ನಮ್ಮ ಕಡೆಯವರಿಗೇ ಅರ್ಥವಾಗದೇ?

ವ್ಯಾಕರಣಕ್ಕಾಗಿ ತಿದ್ದುವ ಪ್ರಸಂಗ ಬಂದದ್ದು ನನ್ನ ವಾಕ್ಯದೊಳಗೆ ಅವರ ಅರ್ಧ ಮಾತನ್ನು ಸೇರಿಸಿದಾಗ ಮಾತ್ರ. ಅಪ್ಪನ ಕಾಲದಲ್ಲಿ ಅಜ್ಜನ ಮನೆಯವರು "ಭತ್ತ [ಬೆಳೆಯುತ್ತಿದ್ದರು]" ಎಂದು ಬರೆದೆ. ಇಂಗ್ಲಿಷಿನಲ್ಲಿ ಬದಲಿಸಿದ ಅಕ್ಷರವನ್ನಷ್ಟೇ ಕಂಸದಲ್ಲಿಟ್ಟರೆ ಸಾಕು. ನಮ್ಮಲ್ಲಿ ಒತ್ತಕ್ಷರ, ಗುಣಿತ ಮಧ್ಯೆ ಸೀಳಿ ವಿಕಾರವಾಗುತ್ತವೆ, ಆದ್ದರಿಂದ ಇಡೀ ಪದವನ್ನೇ ಕಂಸಕ್ಕೆ ಹಾಕುತ್ತೇನೆ. ಬಹಳ ಸಲ ಅದೂ ಬೇಕಾಗುವುದಿಲ್ಲ. "ನಾನಂತೂ ಕುಡಿಯಲ್ಲ" ಎಂದರು ಅಜ್ಜ ಎಂದು ಬರೆದರೆ 'ನಾನು' ನಾನಾಗಿಯೇ ಉಳಿಯುತ್ತದೆ, ಅಲ್ವಾ?

ಅಚ್ಚಿಗೆ ಹೋಗುವ ಮುಂಚೆ ಕರಡನ್ನು ಅಜ್ಜನಿಗೆ ಓದಿ ಹೇಳಿದೆ. ಕಂಸ ಬಂದಲ್ಲಿ "ಇಲ್ಲಿ ಇಂಥದ್ದು ಬಿಟ್ಟಿದ್ದೇನೆ" ಎಂದೂ ಹೇಳಿದೆ. ಅವರು ಹುಲ್ಲಿನ ಸಾಲು ಮಾತ್ರ ವಾಪಸ್ ಕೇಳಿದರು. ಆಗ ಪುಟದಲ್ಲಿ ಜಾಗವಿರಲಿಲ್ಲ, ಫೋಟೊ ಸ್ವಲ್ಪ ಚಿಕ್ಕದು ಮಾಡಿ ಎರಡನೇ ಮುದ್ರಣದಲ್ಲಿ ಸೇರಿಸಬೇಕು.