ಫೈನಾನ್ಸ್ ಕೇಸ್: ಗುಂಪಿಗೆ ಕೆಲಸ ಹಂಚುವ ಇಮೇಲ್ ಬರೆಯುವುದು ಹೇಗೆ?

ಎಂಬಿಎ ತರಗತಿಯ ಐದು ಜನರ ಗುಂಪು. ಕೇಸ್: 2008ರಲ್ಲಿ ಟಾಟಾ ಮೋಟಾರ್ಸ್ ಕಂಪನಿಯು ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು 230 ಕೋಟಿ ಡಾಲರ್‌ಗೆ ಕೊಂಡಿದ್ದು. ಪ್ರಶ್ನೆ ಒಂದೇ: ಕೊಟ್ಟ ಬೆಲೆ ಸರಿಯೇ? ಪ್ರೆಸೆಂಟೇಶನ್ 20ನೇ ತಾರೀಕು ಶುಕ್ರವಾರ. ಇವತ್ತು 11, ಬುಧವಾರ. ಇಮೇಲ್ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಇಲ್ಲಿ ಹೆಚ್ಚಿನವರು ಮಾಡುವುದು ಸ್ಲೈಡ್ ಹಂಚುವುದು. ಒಂದರಿಂದ ನಾಲ್ಕು ನಿನಗೆ, ಐದರಿಂದ ಎಂಟು ಅವಳಿಗೆ. ಇತಿಹಾಸದ ಕೇಸಿಗೆ ಅದು ನಡೆಯಬಹುದು. ಫೈನಾನ್ಸ್ ಕೇಸಿನಲ್ಲಿ ಒಬ್ಬರ ಅಂಕಿ ಇನ್ನೊಬ್ಬರ ಲೆಕ್ಕದೊಳಗೆ ಹೋಗುತ್ತದೆ. ಹಾಗಾಗಿ ಮೊದಲು ಒಂದು ಹಾಳೆಯ ಮೇಲೆ ಯಾವ ಲೆಕ್ಕ ಯಾವುದಕ್ಕೆ ಕಾಯುತ್ತದೆ ಎಂದು ಗೆರೆ ಎಳೆದುಕೊಳ್ಳಿ.

ಸುಮ್ನೆ ಒಂದು ಲೆಕ್ಕ ನೋಡಿ. ಕಂಪನಿ ಮುಂದಿನ ವರ್ಷ 20 ಕೋಟಿ ಡಾಲರ್ ಕ್ಯಾಶ್ ಫ್ಲೋ ಕೊಡುತ್ತದೆ, ಅದು ವರ್ಷಕ್ಕೆ 2% ಬೆಳೆಯುತ್ತಾ ಹೋಗುತ್ತದೆ ಎಂದುಕೊಳ್ಳೋಣ. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ 10% ಇಟ್ಟರೆ, ಅದರಿಂದ ಬೆಳವಣಿಗೆಯ 2% ಕಳೆದು, 20ನ್ನು 0.08ರಿಂದ ಭಾಗಿಸಬೇಕು. ಬೆಲೆ 250 ಕೋಟಿ. ದರ 11% ಆದರೆ 0.09ರಿಂದ ಭಾಗಿಸಬೇಕು. ಬೆಲೆ ಸುಮಾರು 222 ಕೋಟಿಗೆ ಇಳಿಯುತ್ತದೆ. ಮೊದಲನೆಯದರಲ್ಲಿ ಟಾಟಾಗೆ ಅಗ್ಗಕ್ಕೆ ಸಿಕ್ಕಿತು, ಎರಡನೆಯದರಲ್ಲಿ ದುಬಾರಿಯಾಯಿತು! ಡಿಸ್ಕೌಂಟ್ ದರ ನೋಡುವವರು ಗುರುವಾರ ರಾತ್ರಿ 'ಒಂದು ಪರ್ಸೆಂಟ್ ಬದಲಾಯಿಸಿದೆ' ಅಂದರೆ ಗುಂಪಿನ ತೀರ್ಮಾನವೇ ತಲೆಕೆಳಗು.

ಆದ್ದರಿಂದ ಇಮೇಲ್‌ನಲ್ಲಿ ಪ್ರೆಸೆಂಟೇಶನ್ ದಿನಕ್ಕಿಂತ ಮುಖ್ಯವಾದ ಇನ್ನೊಂದು ದಿನ ಬೇಕು: ಅಂಕಿಗಳಿಗೆ ಬೀಗ ಬೀಳುವ ದಿನ. ಅದನ್ನು ಮೊದಲು ಗೊತ್ತುಮಾಡಿ, ಉಳಿದ ಗಡುವುಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ. ನಮ್ಮ ಕೇಸಿಗೆ 16, ಸೋಮವಾರ ರಾತ್ರಿ ಸಾಕು. ಸ್ಲೈಡಿಗೆ ಎರಡು ದಿನ, ಗುರುವಾರ ರಿಹರ್ಸಲ್‌ಗೆ.

ಇನ್ನು ಇಮೇಲ್. ವಿಷಯದ ಸಾಲಿನಲ್ಲೇ ಏನು ಮಾಡಬೇಕೆಂದು ಹೇಳಿಬಿಡಿ. ಹೆಸರುಗಳು ಉದಾಹರಣೆಗಷ್ಟೇ.

ವಿಷಯ: ಜೆಎಲ್‌ಆರ್ ಕೇಸ್, ಕೆಲಸ ಮತ್ತು ಗಡುವು. ನಾಳೆ ರಾತ್ರಿ 9ರೊಳಗೆ ಉತ್ತರಿಸಿ

ಎಲ್ಲರಿಗೂ ನಮಸ್ಕಾರ,
ಅಂಕಿಗಳಿಗೆ ಬೀಗ: ಸೋಮವಾರ 16, ರಾತ್ರಿ 9. ಆಮೇಲೆ ಯಾವ ಅಂಕಿಯೂ ಬದಲಾಗುವುದಿಲ್ಲ. ತಪ್ಪು ಸಿಕ್ಕರೆ ಮಾತ್ರ ಐವರೂ ಕೂತು ತಿದ್ದೋಣ.
ಸುಮಾ: ಊಹೆಗಳ ಹಾಳೆ (ತೆರಿಗೆ, ಬೆಳವಣಿಗೆ ದರ, ಕರೆನ್ಸಿ). ಶುಕ್ರವಾರ 13, ರಾತ್ರಿ 9. ಉಳಿದವರೆಲ್ಲ ಇದಕ್ಕೇ ಕಾಯುತ್ತಿರುತ್ತೇವೆ.
ರಘು: ಐದು ವರ್ಷದ ಕ್ಯಾಶ್ ಫ್ಲೋ. ಭಾನುವಾರ 15, ಸಂಜೆ 6.
ಅನಿತಾ: ಡಿಸ್ಕೌಂಟ್ ದರ, ಜೊತೆಗೆ ಅದನ್ನೇ ಯಾಕೆ ಇಟ್ಟೆವು ಎಂದು ಮೂರು ಸಾಲು. ಭಾನುವಾರ 15, ಸಂಜೆ 6.
ಇಮ್ರಾನ್: ಖರೀದಿಗೆ ಟಾಟಾ ಎತ್ತಿದ 300 ಕೋಟಿ ಡಾಲರ್ ಬ್ರಿಜ್ ಲೋನ್, ಅದನ್ನು ತೀರಿಸುವ ದಾರಿ. ಭಾನುವಾರ 15, ಸಂಜೆ 6.
ನಾನು: ಎಲ್ಲ ಸೇರಿಸಿ ಬೆಲೆ ಕಟ್ಟುವುದು, ದರ ಒಂದು ಪರ್ಸೆಂಟ್ ಆಚೀಚೆಯಾದರೆ ಏನಾಗುತ್ತದೆ ಎಂಬ ಪಟ್ಟಿ. ಸೋಮವಾರ 16, ರಾತ್ರಿ 9.
ಎಲ್ಲರೂ `JLR_model.xlsx` ಒಂದರಲ್ಲೇ ಕೆಲಸ ಮಾಡೋಣ. ಎಲ್ಲ ಅಂಕಿಯೂ ಕೋಟಿ ಡಾಲರ್‌ನಲ್ಲಿ. ಮಾರ್ಚ್ 2008ರ ನಂತರದ ಮಾಹಿತಿ ಬೇಡ.

ಕೊನೆಯ ಎರಡು ವಾಕ್ಯ ಚಿಕ್ಕವು, ಆದರೆ ಅವನ್ನು ಬಿಡಬೇಡಿ. ಜೆಎಲ್‌ಆರ್ ಬ್ರಿಟನ್ನಿನ ಕಂಪನಿ, ಬೆಲೆ ಡಾಲರ್‌ನಲ್ಲಿ, ಟಾಟಾ ಲೆಕ್ಕ ರೂಪಾಯಿಯಲ್ಲಿ. ಒಬ್ಬರು ಪೌಂಡ್‌ನಲ್ಲಿ, ಇನ್ನೊಬ್ಬರು ಡಾಲರ್‌ನಲ್ಲಿ ಬರೆದರೆ ಮೊತ್ತ ನೋಡಲು ಸರಿಯಾಗಿಯೇ ಕಾಣುತ್ತದೆ. ಅದೇ ಅಪಾಯ. ಮಾರ್ಚ್ 2008 ಯಾಕೆ? ಒಪ್ಪಂದ ಪ್ರಕಟವಾಗಿದ್ದು ಆಗ. ಮುಂದೆ ಏನಾಯಿತು ಎಂದು ನಮಗೆ ಗೊತ್ತು, ಅವತ್ತು ಸಹಿ ಹಾಕಿದವರಿಗೆ ಗೊತ್ತಿರಲಿಲ್ಲ. ಆಮೇಲಿನ ಮಾರಾಟದ ಅಂಕಿ ಹಾಕಿ 'ಬೆಲೆ ಸರಿ' ಅನ್ನುವುದು ಉತ್ತರ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ.

ಒಂದು ಕೆಲಸಕ್ಕೆ ಒಂದೇ ಹೆಸರು ಹಾಕಿ. 'ರಘು ಮತ್ತು ಅನಿತಾ' ಎಂದು ಬರೆದರೆ ಅವನು ಮಾಡ್ತಾನೆ ಅಂತ ಇವಳು, ಇವಳು ಮಾಡ್ತಾಳೆ ಅಂತ ಅವನು. 'ವೀಕೆಂಡ್ ಒಳಗೆ' ಅನ್ನುವುದೂ ಗಡುವಲ್ಲ. ಕೆಲವರಿಗೆ ಭಾನುವಾರ ರಾತ್ರಿ ಹನ್ನೆರಡು ಕೂಡ ವೀಕೆಂಡೇ ಅಲ್ವಾ?

ಕೊನೆಗೆ ಇದನ್ನು ಸೇರಿಸಿ: 'ನಿಮ್ಮ ಕೆಲಸ, ದಿನ ಎರಡನ್ನೂ ನೀವೇ ಬರೆದು ಉತ್ತರಿಸಿ. ಆಗದಿದ್ದರೆ ಯಾವ ದಿನ ಆಗುತ್ತದೆ ಹೇಳಿ.' ಬರೀ 'ಓಕೆ' ಬಂದರೆ ಅವರು ಇಮೇಲ್ ಪೂರ್ತಿ ಓದಿಲ್ಲ ಎಂದೇ ಲೆಕ್ಕ. ಫೋನ್ ಮಾಡಿ. ಮೊದಲ ಫೋನ್ ಸುಮಾಗೆ ಹೋಗಲಿ, ಅವಳ ಹಾಳೆ ಒಂದು ದಿನ ತಡವಾದರೆ ಉಳಿದ ನಾಲ್ವರ ಗಡುವೂ ಜಾರುತ್ತದೆ.